ಆಡಳಿತವರ್ಗ ಮಾಹಿತಿ ಕೊಡುತ್ತಿಲ್ಲ: ಆಡಿಟ್ ಬಿಡುವ ಪತ್ರದಲ್ಲಿ ಏನು ಬರೆಯಬೇಕು, ಏನು ಬರೆಯಬಾರದು?

ಟಿಕ್‌ಮಾರ್ಕ್

ಆಡಿಟ್ ಬಿಡುವ ಪತ್ರದ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಗುರುತು ಸಿಗದ ಹಾಗೆ ಅಂಕಿಗಳನ್ನು ಬದಲಿಸಿ ಹಾಕುತ್ತಿದ್ದೇನೆ.

ತಯಾರಿಕಾ ಕಂಪನಿ, ವರ್ಷಾಂತ್ಯ ಮಾರ್ಚ್ 31. ಒಟ್ಟು ಆಸ್ತಿ 210 ಕೋಟಿ, ತೆರಿಗೆಗೆ ಮುಂಚಿನ ಲಾಭ 36 ಕೋಟಿ. ಲಾಭದ ಶೇ 5ರಂತೆ ಮೆಟೀರಿಯಾಲಿಟಿ 1.8 ಕೋಟಿ ಇಟ್ಟುಕೊಂಡಿದ್ದೇವೆ. ಕಚ್ಚಾ ಮಾಲು ಪೂರೈಸುವ ಮೂರು ಸಂಸ್ಥೆಗಳಿಗೆ ಕೊಟ್ಟ ಮುಂಗಡ 46 ಕೋಟಿ ಪುಸ್ತಕದಲ್ಲಿ ನಿಂತಿದೆ. ನಾವು ಕೇಳಿದ್ದು ನಾಲ್ಕು: ಮೂವರ ಜೊತೆಗಿನ ಒಪ್ಪಂದ, ಮುಂಗಡಕ್ಕೆ ಎದುರಾಗಿ ಇಷ್ಟರವರೆಗೆ ಬಂದ ಮಾಲಿನ ದಾಖಲೆ, ಆ ಸಂಸ್ಥೆಗಳ ಮಾಲೀಕರು ಯಾರು ಎಂಬ ವಿವರ, ಮತ್ತು ನಾವೇ ನೇರವಾಗಿ ಅವರಿಗೆ ಬ್ಯಾಲೆನ್ಸ್ ಕನ್ಫರ್ಮೇಶನ್ ಕಳಿಸಲು ಅನುಮತಿ. ಸಿಕ್ಕಿದ್ದು ಬರೀ ಲೆಡ್ಜರ್ ಪ್ರತಿ. ಏಪ್ರಿಲ್ 12ಕ್ಕೆ ಇಮೇಲ್, 24ಕ್ಕೆ ಜ್ಞಾಪನೆ. ಮೇ 6ರ ಸಭೆಯಲ್ಲಿ ಸಿಎಫ್‌ಒ ಬಾಯಿಮಾತಲ್ಲಿ "ಇವು ವ್ಯಾಪಾರದ ಗುಟ್ಟು, ಕೊಡಕ್ಕಾಗಲ್ಲ" ಅಂದರು. ಲೆಕ್ಕಪತ್ರ ಒಪ್ಪುವ ಬೋರ್ಡ್ ಸಭೆ ಮೇ 30ಕ್ಕೆ.

ನನ್ನ ಕರಡಿನ ಮುಖ್ಯ ಸಾಲು ಹೀಗಿದೆ:

> "ಅಗತ್ಯ ಮಾಹಿತಿ ಸಕಾಲದಲ್ಲಿ ದೊರೆಯದ ಕಾರಣ ಹಾಗೂ ಕಂಪನಿಯ ಹಣ ದುರುಪಯೋಗವಾಗಿರುವ ಸಾಧ್ಯತೆ ಕಂಡುಬಂದಿರುವುದರಿಂದ ನಾವು ಆಡಿಟ್ ಕೆಲಸದಿಂದ ಹಿಂದೆ ಸರಿಯುತ್ತಿದ್ದೇವೆ."

ಇಷ್ಟು ಸಾಕಾ? ಯಾರಿಗೆ ಬರೆಯಬೇಕು?

ಹೊಸಬ_ಲೆಕ್ಕ

ನೋಟಿಸ್ ಪೀರಿಯಡ್ ಎಷ್ಟಿದೆ ನಿಮಗೆ? ಸಂಸ್ಥೆ ಬಿಡೋವಾಗ ಕಾರಣ ಇಷ್ಟೆಲ್ಲ ಬರೀಬಾರದು ಅಂತಾರೆ. "ವೈಯಕ್ತಿಕ ಕಾರಣ" ಅಂತ ಒಂದೇ ಸಾಲು ಹಾಕಿ ಕೊಟ್ಬಿಡಿ, ರಿಲೀವಿಂಗ್ ಲೆಟರ್‌ಗೆ ತೊಂದರೆ ಆಗಲ್ಲ.

ಟಿಕ್‌ಮಾರ್ಕ್

ಕೆಲಸ ಬಿಡ್ತಿರೋದು ನಾನಲ್ಲಪ್ಪ, ನಮ್ಮ ಆಡಿಟ್ ಸಂಸ್ಥೆ. ಆ ಕಂಪನಿಯ ಆಡಿಟ್ ಬಿಡ್ತಾ ಇದೆ.

ಹೊಸಬ_ಲೆಕ್ಕ

ಓ, ಕ್ಷಮಿಸಿ. ಹಾಗಾದರೆ ಸುಮ್ಮನೆ ಓದ್ತೀನಿ.

ಹಳೇಲೆಡ್ಜರ್

ಕರಡಿನ ಮಾತು ಆಮೇಲೆ. ನೀವಿನ್ನೂ ಪತ್ರ ಬರೆಯುವ ಹಂತಕ್ಕೇ ಬಂದಿಲ್ಲ.

ಇಲ್ಲ ಅಂದಿದ್ದು ಯಾರು? ಸಿಎಫ್‌ಒ. ಅದೂ ಬಾಯಿಮಾತಲ್ಲಿ. ಐಎಸ್‌ಎ 705ರಲ್ಲಿ ಇದಕ್ಕೊಂದು ವರಸೆ ಇದೆ. ಮೊದಲು, ಅಡ್ಡಿಯನ್ನು ತೆಗೆಯಿರಿ ಎಂದು ಆಡಳಿತವರ್ಗವನ್ನು ಕೇಳಬೇಕು. ಒಪ್ಪದಿದ್ದರೆ ಕಂಪನಿಯ ಉಸ್ತುವಾರಿ ಹೊತ್ತವರಿಗೆ, ಅಂದರೆ ಆಡಿಟ್ ಕಮಿಟಿಗೋ ಬೋರ್ಡಿಗೋ ತಿಳಿಸಬೇಕು. ಅದರ ಜೊತೆಜೊತೆಗೇ ಬೇರೆ ದಾರಿಯಿಂದ ಪುರಾವೆ ಸಿಗುತ್ತದಾ ಎಂದು ನೋಡಬೇಕು. ಇಷ್ಟೂ ಆಗಿ, ಸಿಗದೇ ಹೋದದ್ದರ ಪರಿಣಾಮ ದೊಡ್ಡದೂ ಹೌದು, ಲೆಕ್ಕಪತ್ರದ ಉದ್ದಗಲಕ್ಕೆ ಹಬ್ಬುವಂಥದ್ದೂ ಹೌದು ಎಂದಾದರೆ ಮಾತ್ರ ಹಿಂದೆ ಸರಿಯುವ ಪ್ರಶ್ನೆ. ನಡುವೆ ಒಂದು ಮೆಟ್ಟಿಲು ಹಾರಿದರೂ ನಾಳೆ ಕಂಪನಿ ಹೇಳುವ ಮಾತು ಒಂದೇ: "ನಮ್ಮ ಬೋರ್ಡನ್ನು ಇವರು ಕೇಳಲೇ ಇಲ್ಲ."

ಈಗ ಮಾಡಬೇಕಾದ್ದು ಇದು. ಬೇಡಿಕೆಯನ್ನು ಹೊಸದಾಗಿ ಒಂದೇ ಪತ್ರದಲ್ಲಿ, ನಾಲ್ಕೂ ಅಂಶಕ್ಕೆ ಕ್ರಮಸಂಖ್ಯೆ ಹಾಕಿ, ಎಂಡಿ ಮತ್ತು ಸಿಎಫ್‌ಒ ಇಬ್ಬರಿಗೂ ಕಳಿಸಿ. ಏಪ್ರಿಲ್ 12, 24, ಮೇ 6 ಮೂರೂ ದಿನಾಂಕ ಅದರಲ್ಲಿರಲಿ. ಎಂಗೇಜ್‌ಮೆಂಟ್ ಲೆಟರಿನಲ್ಲಿ, ಆಡಿಟ್‌ಗೆ ಬೇಕಾದ ಎಲ್ಲ ಮಾಹಿತಿಯನ್ನೂ ಜನರ ಸಂಪರ್ಕವನ್ನೂ ಕೊಡುತ್ತೇವೆ ಎಂದು ಅವರು ಸಹಿ ಹಾಕಿದ ಕಲಂ ಇರುತ್ತದೆ. ಐಎಸ್‌ಎ 210ರ ಪ್ರಕಾರ ಆ ಒಪ್ಪಿಗೆ ಇಲ್ಲದೆ ಕೆಲಸ ಒಪ್ಪಿಕೊಳ್ಳುವಂತೆಯೇ ಇಲ್ಲ. ಆ ಕಲಂ ಅನ್ನು ಹಾಗೆಯೇ ಎತ್ತಿ ಬರೆಯಿರಿ. ಉತ್ತರಕ್ಕೆ ಏಳು ಕೆಲಸದ ದಿನ ಕೊಡಿ. ಕೊನೆಯಲ್ಲಿ "ಕೊಡಲಾಗದಿದ್ದರೆ, ಯಾವ ಅಂಶ, ಯಾವ ಕಾರಣಕ್ಕೆ ಎಂದು ಬರಹದಲ್ಲಿ ತಿಳಿಸಿ" ಎಂದು ಸೇರಿಸಿ. ಈ ಕೊನೆಯ ಸಾಲಿಗೆ ಬಲವಿದೆ. ಬಾಯಲ್ಲಿ ಇಲ್ಲ ಅನ್ನುವುದು ಸುಲಭ, ಲೆಟರ್‌ಹೆಡ್ಡಿನಲ್ಲಿ ಇಲ್ಲ ಅಂತ ಬರೆದು ಸಹಿ ಹಾಕುವಾಗ ಕೈ ಹಿಂಜರಿಯುತ್ತದೆ. ಸುಮಾರು ಸಲ ಮಾಹಿತಿ ಹೊರಗೆ ಬರುವುದೇ ಈ ಹಂತದಲ್ಲಿ.

ಕೊನೆಬೆಂಚು

ಇಷ್ಟೊಂದು ಎಳೆಯೋದು ಯಾಕೆ ಸರ್? 46ನ್ನು 210ರಿಂದ ಭಾಗಿಸಿ, ಹತ್ತಿರ ಹತ್ತಿರ ಶೇ 22. ಶೇ 20 ದಾಟಿದರೆ ಹಬ್ಬುವ ಪರಿಣಾಮ ಅಂತಲೇ ಲೆಕ್ಕ. ಮೆಟೀರಿಯಾಲಿಟಿಯ 25 ಪಟ್ಟು ಬೇರೆ. ನೇರ ರಾಜೀನಾಮೆ.

ಹಳೇಲೆಡ್ಜರ್

ಶೇ 20 ಅನ್ನೋ ಗೆರೆ ಮಾನದಂಡದಲ್ಲಿ ಎಲ್ಲೂ ಇಲ್ಲ ರೀ. ಒಂದೇ ಖಾತೆಗೆ ಸೀಮಿತವಾದದ್ದೂ ಲೆಕ್ಕಪತ್ರದ ದೊಡ್ಡ ಪಾಲಾಗಿದ್ದರೆ ಹಬ್ಬಿದ್ದು ಅನಿಸಬಹುದು. ನಿಮ್ಮ ಮಾತಿನಲ್ಲಿ ಅಷ್ಟು ಸತ್ಯ ಇದೆ. ಅಷ್ಟು ದೊಡ್ಡದಲ್ಲದಿದ್ದರೂ ಹತ್ತು ಕಡೆ ಕೈ ಚಾಚುವುದಾದರೆ ಅದೂ ಹಬ್ಬಿದ್ದೇ.

ಈ ಕೇಸಿನಲ್ಲಿ ನೋಡಬೇಕಾದ್ದು ಈ ಎರಡನೆಯದು. ಮುಂಗಡ ವಾಪಸ್ ಬರದಿದ್ದರೆ 46 ಕೋಟಿ ನಷ್ಟ, ವರ್ಷದ ಲಾಭ 36 ಕೋಟಿ ಪೂರ್ತಿ ಅಳಿಸಿ ಹೋಗಿ ಇನ್ನೂ 10 ಕೋಟಿ ಕೆಳಗೆ ಹೋಗುತ್ತದೆ. ಆ ಮೂರು ಸಂಸ್ಥೆಗಳು ಒಳಗಿನವರದ್ದೇ ಆಗಿದ್ದರೆ ರಿಲೇಟೆಡ್ ಪಾರ್ಟಿ ಟಿಪ್ಪಣಿ ತಪ್ಪು. ಅವರಿಂದ ಕೊಂಡ ಮಾಲಿನ ಬೆಲೆ ಅನುಮಾನ, ಆ ಮಾಲು ಸೇರಿದ ದಾಸ್ತಾನಿನ ಮೌಲ್ಯವೂ ಅನುಮಾನ. ಬ್ಯಾಂಕ್ ಸಾಲದ ಷರತ್ತುಗಳನ್ನು ಲಾಭದ ಮೇಲೆ ಲೆಕ್ಕ ಹಾಕಿದ್ದರೆ ಕಂಪನಿ ಮುಂದೆ ನಡೆಯುತ್ತದಾ ಅನ್ನುವಲ್ಲಿಗೂ ಹೋಗುತ್ತದೆ. ಪಾರ್ಟ್ನರ್ ಟಿಪ್ಪಣಿಯಲ್ಲಿ ಬರೆಯಬೇಕಾದ್ದು ಈ ಸರಪಳಿ. ಶೇಕಡಾವಾರು ಒಂದನ್ನೇ ಬರೆದಿಟ್ಟರೆ ಕಡತ ತೆರೆದ ಮೊದಲ ಪರಿಶೀಲಕರೇ ಕೇಳುತ್ತಾರೆ, "ಶೇ 18 ಆಗಿದ್ದರೆ ಬಿಡುತ್ತಿರಲಿಲ್ಲವೇ?"

ಗಿರಿ_ಫೈನಾನ್ಸ್

ನಾನು ಮೇಜಿನ ಆ ಕಡೆಯವನು, ಕಂಪನಿ ಅಕೌಂಟ್ಸ್. ಆಡಿಟರ್‌ಗಳು ಎಲ್ಲವನ್ನೂ "ಮಾಹಿತಿ ನಿರಾಕರಣೆ" ಅಂತ ಬರೆದುಬಿಡ್ತಾರೆ. ನಮ್ಮಲ್ಲಿ ಸಂಬಳದ ಪೂರ್ತಿ ಫೈಲ್ ಕೇಳಿದ್ರು. ಎಲ್ಲರ ಬ್ಯಾಂಕ್ ಖಾತೆ, ವೈದ್ಯಕೀಯ ಕಡಿತದ ವಿವರ ಇರೋ ಫೈಲನ್ನ ಇಮೇಲ್‌ನಲ್ಲಿ ಹೇಗೆ ಕಳಿಸೋದು? ನಾವು ಇಲ್ಲ ಅಂದ್ವಿ, ಅವರು ಆಡಿಟ್ ಕಮಿಟಿಗೆ ದೂರು ಹಾಕಿದ್ರು. ಕಡೆಗೆ ನಮ್ಮ ಕೋಣೆಯಲ್ಲೇ, ನಮ್ಮ ಕಂಪ್ಯೂಟರಲ್ಲೇ ತೆರೆದು ತೋರಿಸಿದ್ವಿ. ಅವರು ಆರಿಸಿದ 40 ಹೆಸರು ನೋಡಿ ಟಿಕ್ ಹಾಕಿಕೊಂಡು ಹೋದ್ರು. ಅರ್ಧ ದಿನದ ಕೆಲಸ.

ಮತ್ತೆ ಈ ಕೇಸಲ್ಲಿ ಕಂಪನಿಯವರು ರೆಪ್ರೆಸೆಂಟೇಶನ್ ಲೆಟರ್ ಕೊಟ್ಟರೆ ಮುಗೀತಲ್ಲ? "ಮುಂಗಡ ಸರಿಯಾಗಿದೆ, ವಸೂಲಾಗುತ್ತೆ" ಅಂತ ಎಂಡಿ ಸಹಿ ಹಾಕಿದ ಮೇಲೆ ಹೊಣೆ ಅವರದ್ದು.

ಶಾಲಿನಿ_ಕಡತ

ಗಿರಿ ಅವರೇ, ನಿಮ್ಮ ಮೊದಲ ಮಾತು ಪೂರ್ತಿ ಸರಿ. ಕೊಡುವ ರೀತಿಗೆ ತಕರಾರು ಇರುವುದು ಬೇರೆ, ಕೊಡುವುದಕ್ಕೇ ತಕರಾರು ಇರುವುದು ಬೇರೆ. ಟಿಕ್‌ಮಾರ್ಕ್ ಅವರ ಪತ್ರಕ್ಕೂ ಇದು ಮುಖ್ಯ. ಗುಟ್ಟು ಅನ್ನುವುದೇ ನಿಜವಾದ ಕಾರಣವಾಗಿದ್ದರೆ, "ನಿಮ್ಮ ಕಚೇರಿಯಲ್ಲೇ ಕುಳಿತು ಓದುತ್ತೇವೆ, ಪ್ರತಿ ತೆಗೆದುಕೊಳ್ಳುವುದಿಲ್ಲ, ನೋಡಿದ್ದರ ಟಿಪ್ಪಣಿ ಮಾತ್ರ ನಮ್ಮ ವರ್ಕಿಂಗ್ ಪೇಪರ್‌ನಲ್ಲಿ ಇರುತ್ತದೆ" ಎಂದು ಬರೆದು ಕೇಳಿ. ಒಪ್ಪಿದರೆ ಸಮಸ್ಯೆ ಕರಗಿತು. ಅದಕ್ಕೂ ಒಪ್ಪದಿದ್ದರೆ, ಗುಟ್ಟು ಅನ್ನುವುದು ನೆಪ ಎಂದು ನೀವು ಹೇಳಬೇಕಾಗಿಯೇ ಇಲ್ಲ, ಓದಿದವರಿಗೆ ಗೊತ್ತಾಗುತ್ತದೆ.

ಎರಡನೆಯದು ಸರಿಯಲ್ಲ. ರೆಪ್ರೆಸೆಂಟೇಶನ್ ಲೆಟರ್ ಬೇಕು, ಆದರೆ ಅದೊಂದನ್ನೇ ಹಿಡಿದು ಯಾವ ಬಾಕಿಯನ್ನೂ ಒಪ್ಪುವಂತಿಲ್ಲ ಎಂದು ಐಎಸ್‌ಎ 580 ಹೇಳುತ್ತದೆ. ಯಾರ ಮಾತನ್ನು ಪರೀಕ್ಷಿಸಬೇಕೋ ಅವರ ಮಾತೇ ಪುರಾವೆಯಾದರೆ ಆಡಿಟ್ ಯಾಕೆ? ಎದುರಿಗೆ ಇರಬೇಕಾದ ಒಪ್ಪಂದವನ್ನು ಬಚ್ಚಿಟ್ಟು ಬದಲಿಗೆ ಸಹಿ ಮಾಡಿದ ಕಾಗದ ಕೊಡುತ್ತೇವೆ ಅಂದರೆ, ಅವರು ಕೊಟ್ಟ ಉಳಿದ ಹೇಳಿಕೆಗಳನ್ನೂ ಎಷ್ಟು ನಂಬಬೇಕು ಅನ್ನುವ ಪ್ರಶ್ನೆ ಏಳುತ್ತದೆ.

ಟಿಕ್‌ಮಾರ್ಕ್

ಬೇರೆ ದಾರಿಯ ಪುರಾವೆ ಅಂದರಲ್ಲ, ಕನ್ಫರ್ಮೇಶನ್‌ಗೂ ಬಿಡದಿದ್ದ ಮೇಲೆ ಇನ್ನೇನು ಉಳಿಯುತ್ತದೆ?

ಹಳೇಲೆಡ್ಜರ್

ಕನ್ಫರ್ಮೇಶನ್‌ಗೆ ಬಿಡದಿರುವುದೇ ಬೇರೆ ವಿಷಯ, ಅದಕ್ಕೆ ಐಎಸ್‌ಎ 505 ಇದೆ. ಯಾಕೆ ಬೇಡ ಎಂದು ಕೇಳಿ, ಕಾರಣಕ್ಕೆ ಆಧಾರ ಏನು ಎಂದು ನೋಡಿ, ವಂಚನೆಯ ಅಪಾಯದ ಅಂದಾಜನ್ನು ಮತ್ತೆ ಮಾಡಬೇಕು. "ಪೂರೈಕೆದಾರರ ಜೊತೆ ದಾವೆ ನಡೀತಿದೆ, ಈಗ ಪತ್ರ ಹೋದರೆ ಕೆಡುತ್ತದೆ" ಎಂದು ದಾವೆಯ ಪ್ರತಿ ತೋರಿಸಿದರೆ ಒಂದು ಮಾತು. ಬರೀ ಗುಟ್ಟು ಅಂದರೆ ಇನ್ನೊಂದು ಮಾತು.

ಉಳಿದ ದಾರಿ ಮೂರು ಇವೆ.

ವರ್ಷಾಂತ್ಯದ ನಂತರ ಬಂದ ಮಾಲು ಎಲ್ಲಕ್ಕಿಂತ ಗಟ್ಟಿ. ಏಪ್ರಿಲ್ 1ರಿಂದ ಇವತ್ತಿನವರೆಗೆ ಗೇಟ್ ರಿಜಿಸ್ಟರ್, ತೂಕದ ಚೀಟಿ, ಗೋದಾಮಿನ ಸ್ವೀಕೃತಿ ಚೀಟಿ ಮೂರನ್ನೂ ಹೊಂದಿಸಿ. ಸ್ವೀಕೃತಿ ಚೀಟಿ ಅಕೌಂಟ್ಸ್ ವಿಭಾಗದ ಕೈಲೇ ತಯಾರಾಗಬಹುದು. ಗೇಟ್ ರಿಜಿಸ್ಟರನ್ನು ಬರೆಯುವವನು ಕಾವಲುಗಾರ, ಲಾರಿ ನಂಬರ್ ಸಮೇತ, ಸಾಲು ಬಿಡದೆ ಬರೆದಿರುತ್ತಾನೆ. ಆಮೇಲೆ ನಡುವೆ ತುರುಕಿದ್ದರೆ ಪೆನ್ನಿನ ಬಣ್ಣ, ಒತ್ತಿ ಬರೆದ ಸಾಲು ಕಣ್ಣಿಗೆ ಬೀಳುತ್ತದೆ. ಹಾಗಾಗಿ ಮೊದಲು ಅದನ್ನು ಹಿಡಿಯಿರಿ.

ಎರಡನೆಯದು ಬ್ಯಾಂಕ್. ಹಣ ನಿಜವಾಗಿ ಆ ಹೆಸರಿನ ಖಾತೆಗೇ ಹೋಯಿತಾ, ಕೆಲವೇ ದಿನಗಳಲ್ಲಿ ಅಷ್ಟೇ ಮೊತ್ತ ಬೇರೆ ಹೆಸರಲ್ಲಿ ಕಂಪನಿಗೇ ವಾಪಸ್ ಬಂತಾ ನೋಡಿ. ಮೂರನೆಯದು ಕಂಪನಿ ನೋಂದಣಿಯ ಸಾರ್ವಜನಿಕ ದಾಖಲೆ. ನಿರ್ದೇಶಕರ ಹೆಸರು, ನೋಂದಾಯಿತ ವಿಳಾಸ ಅಲ್ಲಿ ಸಿಗುತ್ತದೆ, ಯಾರ ಅನುಮತಿಯೂ ಬೇಡ.

ಆದರೆ ಮಿತಿ ಗೊತ್ತಿರಲಿ. ಹಣ ಹೋಗಿದೆ ಎಂದು ಬ್ಯಾಂಕ್ ತೋರಿಸುತ್ತದೆ, ಅದು ತಿರುಗಿ ಬರುತ್ತದೆ ಎಂದು ತೋರಿಸುವುದಿಲ್ಲ. ಅದಕ್ಕೆ ಒಪ್ಪಂದ ಬೇಕೇ ಬೇಕು: ಎಷ್ಟು ತಿಂಗಳೊಳಗೆ ಮಾಲು ಕೊಡಬೇಕು, ಕೊಡದಿದ್ದರೆ ಹಣ ವಾಪಸ್ಸಾ, ಬಡ್ಡಿ ಇದೆಯಾ.

ಟಿಕ್‌ಮಾರ್ಕ್

ಎರಡು ವಾರ ಆಯಿತು, ಬೆಳವಣಿಗೆ ಹಾಕುತ್ತಿದ್ದೇನೆ. ಪತ್ರ ಮೇ 9ಕ್ಕೆ ಹೋಯಿತು, ಕಚೇರಿಯಲ್ಲೇ ಓದುತ್ತೇವೆ ಅನ್ನುವ ಸಾಲೂ ಸೇರಿಸಿದ್ದೆವು. ಏಳನೇ ಕೆಲಸದ ದಿನ ಉತ್ತರ ಬಂತು: "ವಾಣಿಜ್ಯ ಗೋಪ್ಯತೆಯ ದೃಷ್ಟಿಯಿಂದ ನಾಲ್ಕೂ ಅಂಶಗಳನ್ನು ಒದಗಿಸಲಾಗುವುದಿಲ್ಲ." ಆಡಿಟ್ ಕಮಿಟಿ ಮುಂದೆ ಮೇ 20ರಂದು ಹೋದೆವು. "ಆಡಳಿತವರ್ಗದ ನಿಲುವಿನಲ್ಲಿ ನಾವು ಮಧ್ಯೆ ಬರುವುದಿಲ್ಲ" ಎಂದು ಅಧ್ಯಕ್ಷರು ಹೇಳಿದರು, ನಡಾವಳಿಯಲ್ಲೂ ಹಾಗೇ ದಾಖಲಾಗಿದೆ.

ಗೇಟ್ ರಿಜಿಸ್ಟರ್ ಪ್ರಕಾರ ಏಪ್ರಿಲ್ 1ರಿಂದ ಈ ಮೂವರಿಂದ ಬಂದ ಮಾಲು 3 ಕೋಟಿಯಷ್ಟು. ಮೂವರಲ್ಲಿ ಇಬ್ಬರ ನೋಂದಾಯಿತ ವಿಳಾಸ ಒಂದೇ. ಅದರಲ್ಲಿ ಒಂದು ಸಂಸ್ಥೆಯ ನಿರ್ದೇಶಕರ ಮನೆತನದ ಹೆಸರು ನಾವು ಆಡಿಟ್ ಮಾಡುತ್ತಿರುವ ಕಂಪನಿಯ ನಿರ್ದೇಶಕರೊಬ್ಬರದ್ದೇ. ಸಂಬಂಧ ಇದೆಯಾ ಎಂದು ಕೇಳಿದೆವು, ಉತ್ತರ ಬರಲಿಲ್ಲ. ಸಿಎಫ್‌ಒ ಫೋನ್ ಮಾಡಿ, "ಬಿಡೋದಾದರೆ ಬಿಡಿ, ಇತರ ಕೆಲಸಗಳ ಒತ್ತಡ ಅಂತ ಬರೆದುಕೊಡಿ, ಬಾಕಿ ಫೀಸು ಅದೇ ದಿನ ಹಾಕ್ತೀವಿ" ಅಂದಿದ್ದಾರೆ.

ಕೊನೆಬೆಂಚು

ಫೀಸು ಹಾಕಿಸಿಕೊಂಡು ಆಮೇಲೆ ನಿಜ ಕಾರಣ ಬರೆಯಿರಿ 😄

ಶಾಲಿನಿ_ಕಡತ

ತಮಾಷೆಗೂ ಬೇಡ. ಆ ಫೋನ್ ಕರೆಯ ಸಮಯ, ಆಡಿದ ಮಾತು ಇವತ್ತೇ ಟಿಪ್ಪಣಿ ಮಾಡಿ ಕಡತಕ್ಕೆ ಸೇರಿಸಿ, ಪಾರ್ಟ್ನರ್ ಸಹಿ ಹಾಕಲಿ. ಫೀಸಿನ ವಿಷಯ ರಾಜೀನಾಮೆ ಪತ್ರದಲ್ಲಿ ಒಂದಕ್ಷರವೂ ಬರಬಾರದು. ಬಂದರೆ, ದುಡ್ಡಿನ ಜಗಳಕ್ಕೆ ಬಿಟ್ಟರು ಎಂದು ತಿರುಗಿಸುತ್ತಾರೆ. ಅದಕ್ಕೆ ಬೇರೆ ಬಿಲ್, ಬೇರೆ ಪತ್ರ. "ಕೆಲಸದ ಒತ್ತಡ" ಎಂದು ಬರೆದರಂತೂ ಸುಳ್ಳಿಗೆ ನೀವೇ ಸಹಿ ಹಾಕಿದ ಹಾಗೆ.

ಈಗ ನಿಮ್ಮ ಕರಡು. ಅದರಲ್ಲಿ ಎರಡು ದೋಷ, ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕಿನವು. "ಅಗತ್ಯ ಮಾಹಿತಿ ಸಕಾಲದಲ್ಲಿ ದೊರೆಯದ ಕಾರಣ" ಅನ್ನುವುದು ತೀರಾ ಸಡಿಲ. ತಡವಾಯಿತು ಅನ್ನುವ ಅರ್ಥ ಬರುತ್ತದೆ, ಕೊಡುವುದಿಲ್ಲ ಅಂದರು ಎಂಬ ಸಂಗತಿ ಮುಚ್ಚಿಹೋಗುತ್ತದೆ. "ಹಣ ದುರುಪಯೋಗವಾಗಿರುವ ಸಾಧ್ಯತೆ" ಅನ್ನುವುದು ತೀರಾ ಬಿಗಿ. ನಿಮ್ಮ ಕೈಲಿ ಅದಕ್ಕೆ ಪುರಾವೆ ಇಲ್ಲ. ಪುರಾವೆ ಸಿಗದಂತೆ ಮಾಡಿದರು ಎಂಬುದೇ ನಿಮ್ಮ ದೂರು. ಮನೆತನದ ಹೆಸರು ಒಂದೇ ಆದ ಮಾತ್ರಕ್ಕೆ ಸಂಬಂಧಿ ಎಂದೂ ಆಗಲಿಲ್ಲ.

ನಾನಾದರೆ ಹೀಗೆ ಬರೆಯುತ್ತೇನೆ:

> ಆಡಿಟ್ ಕಮಿಟಿಯ ಅಧ್ಯಕ್ಷರಿಗೆ ಮತ್ತು ನಿರ್ದೇಶಕ ಮಂಡಳಿಗೆ
>
> ಮಾರ್ಚ್ 31ಕ್ಕೆ ಕೊನೆಗೊಂಡ ವರ್ಷದ ಲೆಕ್ಕಪತ್ರಗಳಲ್ಲಿ ಮೂರು ಪೂರೈಕೆದಾರ ಸಂಸ್ಥೆಗಳಿಗೆ ನೀಡಿದ ಮುಂಗಡವೆಂದು 46 ಕೋಟಿ ತೋರಿಸಲಾಗಿದೆ. ಈ ಬಾಕಿಗೆ ಸಂಬಂಧಿಸಿ ನಾವು ಕೇಳಿದ ನಾಲ್ಕು ಅಂಶಗಳ ಪಟ್ಟಿ ಅನುಬಂಧ 1ರಲ್ಲಿದೆ. ಇವನ್ನು ಏಪ್ರಿಲ್ 12, ಏಪ್ರಿಲ್ 24 ಮತ್ತು ಮೇ 9ರಂದು ಬರಹದಲ್ಲಿ, ಮೇ 6ರಂದು ಸಭೆಯಲ್ಲಿ ಕೇಳಿದೆವು. ದಾಖಲೆಗಳನ್ನು ಕಂಪನಿಯ ಕಚೇರಿಯಲ್ಲೇ ಪ್ರತಿ ತೆಗೆಯದೆ ನೋಡುವುದಾಗಿಯೂ ತಿಳಿಸಿದ್ದೆವು. ನಾಲ್ಕೂ ಅಂಶಗಳನ್ನು ಒದಗಿಸಲಾಗುವುದಿಲ್ಲ ಎಂದು ಆಡಳಿತವರ್ಗ ಬರಹದಲ್ಲಿ ತಿಳಿಸಿದೆ (ಅನುಬಂಧ 2). ಮೇ 20ರಂದು ವಿಷಯವನ್ನು ಕಮಿಟಿಯ ಮುಂದಿಟ್ಟೆವು. ನಿಲುವು ಬದಲಾಗಲಿಲ್ಲ.
>
> ಪರ್ಯಾಯವಾಗಿ ನಾವು ನಡೆಸಿದ ಪರಿಶೀಲನೆಯಲ್ಲಿ ವರ್ಷಾಂತ್ಯದ ನಂತರ ಸುಮಾರು 3 ಕೋಟಿಯ ಮಾಲು ಬಂದಿರುವುದು ಮಾತ್ರ ಕಂಡುಬಂತು. ಉಳಿದ ಮೊತ್ತ ವಸೂಲಾಗುವುದೇ ಎಂಬುದಕ್ಕಾಗಲಿ, ಈ ಸಂಸ್ಥೆಗಳು ಕಂಪನಿಗೆ ಸಂಬಂಧಪಟ್ಟವೇ ಎಂಬುದಕ್ಕಾಗಲಿ ಸಾಕಷ್ಟು ಸೂಕ್ತ ಪುರಾವೆ ನಮಗೆ ಸಿಗಲಿಲ್ಲ. ಇದರ ಸಂಭವನೀಯ ಪರಿಣಾಮ ಲಾಭ, ದಾಸ್ತಾನು, ಖರೀದಿ ಮತ್ತು ಟಿಪ್ಪಣಿಗಳವರೆಗೆ ಹಬ್ಬುತ್ತದೆಂದು ನಾವು ತೀರ್ಮಾನಿಸಿದ್ದೇವೆ. ಆದ್ದರಿಂದ ಈ ಆಡಿಟ್‌ನಿಂದ ಹಿಂದೆ ಸರಿಯುತ್ತಿದ್ದೇವೆ. ಈ ವರ್ಷದ ಲೆಕ್ಕಪತ್ರಗಳ ಮೇಲೆ ನಾವು ಯಾವ ಅಭಿಪ್ರಾಯವನ್ನೂ ನೀಡಿಲ್ಲ.

ಕೊನೆಯ ಸಾಲನ್ನು ಬಿಡಬೇಡಿ. ಅರ್ಧ ಆಡಿಟ್ ಆದ ಅಂಕಿಗಳನ್ನು ಹಿಡಿದು "ಆಡಿಟರು ನೋಡಿದ್ದಾರೆ" ಎಂದು ಬ್ಯಾಂಕಿಗೆ ಕೊಡುವವರು ಇದ್ದಾರೆ.

ನಾನು ಪತ್ರದಲ್ಲಿ ಸಂಸ್ಥೆಗಳ ಹೆಸರು ಹಾಕಿಲ್ಲ, ಅನುಬಂಧಕ್ಕೆ ತಳ್ಳಿದ್ದೇನೆ. ಪತ್ರ ನಿಯಂತ್ರಕರಿಗೋ ಷೇರುದಾರರಿಗೋ ಹೋಗುವುದಾದರೆ ಅನುಬಂಧವೂ ಹೋಗಬೇಕೇ ಎಂಬುದನ್ನು ವಕೀಲರು ನೋಡಲಿ.

ಹಳೇಲೆಡ್ಜರ್

ಹೆಸರು ಪತ್ರದಲ್ಲೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಅನುಬಂಧ ಕಳಚಿಕೊಳ್ಳುತ್ತದೆ ಮೇಡಂ. ಆರು ತಿಂಗಳ ಮೇಲೆ ಪತ್ರ ಮಾತ್ರ ಕೈಗೆ ಸಿಕ್ಕವರಿಗೆ ಯಾವ ಮೂರು ಸಂಸ್ಥೆ ಎಂದೇ ತಿಳಿಯುವುದಿಲ್ಲ.

ಸಂಗತಿಯನ್ನು ಸಂಗತಿಯಾಗಿಯೇ ಬರೆಯುವುದಕ್ಕೆ ಎಲ್ಲರೂ ನೋಡಬಹುದಾದ ಮಾದರಿ ಒಂದಿದೆ. ನ್ಯೂಯಾರ್ಕ್ ಷೇರುಪೇಟೆಯಲ್ಲಿದ್ದ ಚೀನಾದ ಲಾಂಗ್‌ಟಾಪ್ ಫೈನಾನ್ಶಿಯಲ್ ಕಂಪನಿಯ ಆಡಿಟ್ ಕಮಿಟಿಗೆ ಡೆಲಾಯ್ಟ್‌ನ ಚೀನಾ ಸಂಸ್ಥೆ 2011ರ ಮೇ 22ರಂದು ಬರೆದ ರಾಜೀನಾಮೆ ಪತ್ರ. ಅದು ಆಮೇಲೆ ಬಹಿರಂಗವಾಯಿತು. ಮೇ 17ರಂದು ಬ್ಯಾಂಕ್‌ಗಳಿಗೆ ಎರಡನೇ ಸುತ್ತಿನ ಕನ್ಫರ್ಮೇಶನ್‌ಗೆ ಹೋದದ್ದು, ಕೆಲವೇ ಗಂಟೆಗಳಲ್ಲಿ ಕಂಪನಿಯವರು ಅಡ್ಡ ಬಂದದ್ದು, ಆಡಿಟ್ ಕಡತಗಳನ್ನು ತಡೆಹಿಡಿದದ್ದು, ಎಲ್ಲವೂ ಅದರಲ್ಲಿ ಇವೆ. ಅಲ್ಲಿ ಲೆಕ್ಕ ಸುಳ್ಳೆಂದು ಗೊತ್ತಾಗಿತ್ತು, ಹಾಗಾಗಿ ಹಾಗೆಂದೇ ಬರೆದರು. ನಿಮ್ಮದು ಅಲ್ಲಿಯವರೆಗೆ ಹೋಗಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಬೇಕು.

ಇನ್ನೊಂದು, ಇದನ್ನು ಬಹಳ ಜನ ಮರೆಯುತ್ತಾರೆ. ಹಿಂದೆ ಸರಿಯುವ ಮೊದಲು, ಅಷ್ಟರವರೆಗಿನ ಕೆಲಸದಲ್ಲಿ ಸಿಕ್ಕ ತಪ್ಪುಗಳಲ್ಲಿ ವರದಿಯನ್ನೇ ಬದಲಿಸುವಂಥವು ಇದ್ದರೆ ಉಸ್ತುವಾರಿಯವರಿಗೆ ತಿಳಿಸಬೇಕು. ಮುಂಗಡದ ಗಲಾಟೆಯಲ್ಲಿ ಬೇರೆ ಏನಾದರೂ ಉಳಿದಿದೆಯಾ?

ಟಿಕ್‌ಮಾರ್ಕ್

ಇದೆ! ಮಾರ್ಚ್ ಕೊನೆಯ ನಾಲ್ಕು ದಿನದ ಮಾರಾಟದಲ್ಲಿ 2.4 ಕೋಟಿಯ ಬಿಲ್‌ಗಳ ಮಾಲು ಗೇಟ್ ದಾಟಿದ್ದು ಏಪ್ರಿಲ್ 3, 4ಕ್ಕೆ. ತಿದ್ದಿ ಅಂದಿದ್ದೆವು, ತಿದ್ದಿಲ್ಲ. ಹೇಗೂ ಬಿಡ್ತೀವಲ್ಲ ಅಂತ ನಮ್ಮ ತಂಡದಲ್ಲಿ ಅದನ್ನು ಬದಿಗಿಟ್ಟಿದ್ದರು.

ಹಳೇಲೆಡ್ಜರ್

2.4 ನಿಮ್ಮ 1.8ಕ್ಕಿಂತ ಹೆಚ್ಚು. ಮಾರಾಟದ ಜೊತೆ ಅದರ ವೆಚ್ಚವೂ ಹಿಂದೆ ಬರುವುದರಿಂದ ಲಾಭದ ಮೇಲಿನ ಪರಿಣಾಮ ಕಡಿಮೆ ಇರುತ್ತದೆ, ಆದರೂ ಮಾರಾಟ ಮತ್ತು ಬರಬೇಕಾದ ಬಾಕಿ ಎರಡೂ ತಪ್ಪೇ. ರಾಜೀನಾಮೆ ಪತ್ರಕ್ಕೆ ಮುಂಚಿನ ದಿನಾಂಕದಲ್ಲಿ ಬೇರೆ ಪತ್ರವಾಗಿ ಕಮಿಟಿಗೆ ಕೊಡಿ. ಇದು ನೀವು *ಕಂಡ* ತಪ್ಪು, ಮುಂಗಡ ನೀವು *ಕಾಣಲಾಗದ* ವಿಷಯ. ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಬೇಡಿ.

ಕೊನೆಬೆಂಚು

ಸರಿ, ಶೇ 20ರ ಮಾತು ವಾಪಸ್. ಆದರೆ ಒಂದು ಕೇಳ್ತೀನಿ. ಬಿಡೋದೇ ಯಾಕೆ? ಡಿಸ್‌ಕ್ಲೈಮರ್ ಕೊಡಿ. ವರದಿ ಷೇರುದಾರರ ಕೈ ಸೇರುತ್ತೆ, ಕಾರಣ ಅದರಲ್ಲೇ ಅಚ್ಚಾಗಿರುತ್ತೆ. ರಾಜೀನಾಮೆ ಪತ್ರ ಕಂಪನಿ ಸೆಕ್ರೆಟರಿಯ ಡ್ರಾಯರ್‌ನಲ್ಲಿ ಬಿದ್ದಿರುತ್ತೆ.

ಹಳೇಲೆಡ್ಜರ್

ಈ ಪ್ರಶ್ನೆಗೆ ತೂಕ ಇದೆ. ಮಾನದಂಡ ಮೊದಲು ಹೇಳುವುದು ಹಿಂದೆ ಸರಿಯುವುದನ್ನೇ, ಆದರೆ ಅದು ಸಾಧ್ಯವಿದ್ದು ಕಾನೂನು ಬಿಟ್ಟರೆ ಮಾತ್ರ. ಆಗದಿದ್ದರೆ ಡಿಸ್‌ಕ್ಲೈಮರ್. ಕೆಲಸ ಬಹುಪಾಲು ಮುಗಿದಿದ್ದರೆ, ಆಗುವಷ್ಟು ಮುಗಿಸಿ, ಅಭಿಪ್ರಾಯ ಕೊಡಲಾಗದು ಎಂದು ಬರೆದು, ಆಮೇಲೆ ಬಿಡಬಹುದು ಎಂದೂ ಅದೇ ಮಾನದಂಡದ ವಿವರಣೆಯಲ್ಲಿದೆ. ಕೆಲವು ದೇಶಗಳಲ್ಲಿ ನೇಮಕದ ಅವಧಿ ಮುಗಿಯುವವರೆಗೆ ಬಿಡಲು ಬರುವುದಿಲ್ಲ, ಕೆಲವೆಡೆ ಬಿಟ್ಟ ಕಾರಣವನ್ನು ನಿಯಂತ್ರಕರಿಗೆ ಸಲ್ಲಿಸಲೇಬೇಕು. ಸಲ್ಲಿಸುವ ಕಡೆ ನಿಮ್ಮ ಡ್ರಾಯರಿನ ವಾದ ನಿಲ್ಲುವುದಿಲ್ಲ.

ಟಿಕ್‌ಮಾರ್ಕ್, ನಿಮ್ಮದು ಎಷ್ಟು ಮುಗಿದಿದೆ?

ಟಿಕ್‌ಮಾರ್ಕ್

ಮುಂಗಡ, ರಿಲೇಟೆಡ್ ಪಾರ್ಟಿ, ದಾಸ್ತಾನಿನ ಮೌಲ್ಯ ಬಿಟ್ಟರೆ ಉಳಿದದ್ದು ಬಹುತೇಕ ಆಗಿದೆ.

ಶಾಲಿನಿ_ಕಡತ

ಹಾಗಾದರೆ ನಾನು ಕೊನೆಬೆಂಚು ಅವರ ಕಡೆ ವಾಲುತ್ತೇನೆ. ಇಷ್ಟು ಮುಗಿದ ಮೇಲೆ, ಬೋರ್ಡ್ ಸಭೆಗೆ ಹತ್ತು ದಿನ ಇರುವಾಗ ಎದ್ದು ಹೋದರೆ ಓದುಗರಿಗೆ ಏನೂ ಸಿಗುವುದಿಲ್ಲ. ಹೊಸ ಆಡಿಟರ್ ಬಂದು ಮೊದಲಿನಿಂದ ಶುರು ಮಾಡಬೇಕು, ಅಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ.

ಹಳೇಲೆಡ್ಜರ್

ನನಗೆ ಅಷ್ಟು ಖಚಿತ ಇಲ್ಲ. ಲಿಖಿತವಾಗಿ ಇಲ್ಲ ಅಂದ ಆಡಳಿತ, ಮಧ್ಯೆ ಬರುವುದಿಲ್ಲ ಅಂದ ಕಮಿಟಿ, ಸುಳ್ಳು ಕಾರಣ ಬರೆಸಲು ನೋಡಿದ ಸಿಎಫ್‌ಒ. ಇವರು ಕೊಟ್ಟ *ಉಳಿದ* ದಾಖಲೆಗಳನ್ನು ನಂಬಿ "ಬಹುತೇಕ ಆಗಿದೆ" ಅನ್ನುವುದೇ ಸರಿಯೇ? ಪ್ರಾಮಾಣಿಕತೆಯ ಮೇಲೇ ಅನುಮಾನ ಬಂದಾಗ ಮುಗಿದ ಕೆಲಸವೂ ಮುಗಿದದ್ದಲ್ಲ.

ಪಾರ್ಟ್ನರ್ ಒಬ್ಬರೇ ಕೂತು ತೀರ್ಮಾನಿಸುವ ವಿಷಯ ಅಲ್ಲ ಇದು. ಕಡತದ ಗುಣಮಟ್ಟ ನೋಡುವ ಇನ್ನೊಬ್ಬ ಪಾರ್ಟ್ನರ್, ಸಂಸ್ಥೆಯ ವಕೀಲರು ಇಬ್ಬರೂ ಓದಲಿ. ಅವರು ಒಪ್ಪದಿದ್ದರೆ ಆ ಒಪ್ಪದ ಮಾತೂ ಕಡತದಲ್ಲಿರಲಿ.

ಗಿರಿ_ಫೈನಾನ್ಸ್

ನೀವು ಬಿಟ್ಟ ಮರುದಿನ ಕಂಪನಿ ಬೇರೆಯವರನ್ನು ತರುತ್ತೆ, ಅವರಿಗೆ ಗೊತ್ತೇ ಆಗಲ್ಲ. ಇಷ್ಟೆಲ್ಲ ಬರೆದು ಏನು ಪ್ರಯೋಜನ?

ಶಾಲಿನಿ_ಕಡತ

ಗೊತ್ತಾಗಬೇಕು. ಕೆಲಸ ಒಪ್ಪುವ ಮೊದಲು ಹಳೇ ಆಡಿಟರನ್ನು ಕೇಳಿ ತಿಳಿಯುವುದನ್ನು ವೃತ್ತಿ ನೀತಿಸಂಹಿತೆ ಹೇಳುತ್ತದೆ. ನಾವು ಮಾತಾಡಲು ಸಾಮಾನ್ಯವಾಗಿ ಕಂಪನಿಯ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕರೆ ಸಂಗತಿಗಳನ್ನು ಪ್ರಾಮಾಣಿಕವಾಗಿ, ಎರಡರ್ಥ ಬರದಂತೆ ಹೇಳಬೇಕು. ಕಂಪನಿ ಒಪ್ಪಿಗೆ ಕೊಡದಿದ್ದರೆ ಅದೇ ಹೊಸಬರಿಗೆ ಮೊದಲ ಎಚ್ಚರಿಕೆಯ ಗಂಟೆ. ಹಾಗಾಗಿ ಟಿಕ್‌ಮಾರ್ಕ್, ಪತ್ರದ ಕೊನೆಗೆ ಒಂದು ಸಾಲು ಸೇರಿಸಿ: ಮುಂದಿನ ಆಡಿಟರ್ ಕೇಳಿದರೆ ಈ ಪತ್ರದ ವಿಷಯವನ್ನು ತಿಳಿಸಲು ನಿಮ್ಮ ಲಿಖಿತ ಒಪ್ಪಿಗೆ ಕೊಡಿ ಎಂದು. ಆಗ ಹೂಂ ಅಂದರೂ ಉಹೂಂ ಅಂದರೂ ಕಾಗದದ ಮೇಲೆ ಇರುತ್ತದೆ.

ಹೊಸಬ_ಲೆಕ್ಕ

ಒಂದು ಸಣ್ಣ ಪ್ರಶ್ನೆ, ತಪ್ಪಿದ್ದರೆ ಬೈಯಬೇಡಿ. ಈ ಮುಂಗಡ ಹೋದ ವರ್ಷವೂ ಇತ್ತಾ? ಇದ್ದಿದ್ದರೆ ಆಗ ಹೇಗೆ ಒಪ್ಪಿದ್ರಿ?

ಟಿಕ್‌ಮಾರ್ಕ್

…ಇತ್ತು. 31 ಕೋಟಿ. ಆಗಲೂ ನಮ್ಮದೇ ಆಡಿಟ್, ಶುದ್ಧ ವರದಿ. ಒಪ್ಪಂದದ ಬದಲು ಖರೀದಿ ಆದೇಶದ ಪ್ರತಿ ನೋಡಿ ಒಪ್ಪಿದ್ದರು. ಮಾಲೀಕರ ವಿವರ ಆಗ ಕೇಳಿರಲಿಲ್ಲ.

ಹಳೇಲೆಡ್ಜರ್

ಇಡೀ ಚರ್ಚೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಹುಡುಗ ಕೇಳಿದ.

ವರದಿ ಕೊಟ್ಟ ದಿನವೇ ಗೊತ್ತಿದ್ದಿದ್ದರೆ ವರದಿ ಬದಲಾಗುತ್ತಿತ್ತು ಅನ್ನುವ ಸಂಗತಿ ಆಮೇಲೆ ತಿಳಿದುಬಂದರೆ ಸುಮ್ಮನಿರುವಂತಿಲ್ಲ. ಆಡಳಿತದ ಜೊತೆ, ಉಸ್ತುವಾರಿಯವರ ಜೊತೆ ಮಾತಾಡಿ, ಹಳೇ ಲೆಕ್ಕಪತ್ರ ತಿದ್ದಬೇಕೇ ಎಂದು ನೋಡಬೇಕು, ಅದು ಐಎಸ್‌ಎ 560. ಆದರೆ ನಿಮಗೆ ತಿಳಿದುಬಂದದ್ದು ಸಂಗತಿಯೋ, ಅನುಮಾನವೋ? ಒಂದೇ ವಿಳಾಸ ಅನ್ನುವುದು ಸಂಗತಿ, ಹೋದ ವರ್ಷವೂ ಸಾರ್ವಜನಿಕ ದಾಖಲೆಯಲ್ಲಿ ಇದ್ದಿರಬಹುದು. ಸಂಬಂಧಿ ಅನ್ನುವುದು ಇನ್ನೂ ಅನುಮಾನ. ಆ 31 ಕೋಟಿಯಲ್ಲಿ ಈ ವರ್ಷ ಎಷ್ಟಕ್ಕೆ ಮಾಲು ಬಂತು, ಎಷ್ಟು ಹಾಗೇ ನಿಂತಿದೆ ಅನ್ನುವುದನ್ನು ಲೆಡ್ಜರಿನಿಂದಲೇ ತೆಗೆಯಬಹುದು. ಮೊದಲು ಅದನ್ನು ತೆಗೆಯಿರಿ. ಹಳೇ 31 ಪೂರ್ತಿ ನಿಂತು ಅದರ ಮೇಲೆ ಹೊಸ 15 ಸೇರಿದ್ದರೆ ಒಂದು ಚಿತ್ರ, ಹಳೇದು ಮಾಲಾಗಿ ಬಂದು 46 ಎಲ್ಲ ಹೊಸದೇ ಆಗಿದ್ದರೆ ಬೇರೆ ಚಿತ್ರ.

ಶಾಲಿನಿ_ಕಡತ

ಮತ್ತೆ, ಇದನ್ನು ನೋಡುವವರು ಹೋದ ವರ್ಷ ಸಹಿ ಹಾಕಿದ ಪಾರ್ಟ್ನರ್ ಆಗಿರಬಾರದು. ಹೋದ ವರ್ಷದ ಕಡತವನ್ನು ಈಗ ಯಾರೂ ಮುಟ್ಟಬಾರದು ಕೂಡ. "ಆಗ ಕೇಳಿದ್ದೆವು" ಅನ್ನುವ ಒಂದು ಹಾಳೆ ಈಗ ಸೇರಿದರೂ ಈ ರಾಜೀನಾಮೆ ಪತ್ರದ ಎಲ್ಲ ದಿನಾಂಕಗಳ ಮೇಲೂ ಅನುಮಾನ ಬರುತ್ತದೆ.

ಟಿಕ್‌ಮಾರ್ಕ್

ಲೆಡ್ಜರ್ ತೆಗೆದೆ. 31ರಲ್ಲಿ ಈ ವರ್ಷ ಮಾಲಾಗಿ ಬಂದದ್ದು 4 ಕೋಟಿ. ಉಳಿದ 27 ಹಾಗೇ ಇದೆ, ಅದರ ಮೇಲೆ 19 ಹೊಸದು. ಪತ್ರ ಇವತ್ತು ಹೋಗುವುದಿಲ್ಲ, ನಾಳೆ ಬೆಳಿಗ್ಗೆ ಇಬ್ಬರು ಪಾರ್ಟ್ನರ್‌ಗಳು, ವಕೀಲರು ಕೂರುತ್ತಿದ್ದಾರೆ. 2.4 ಕೋಟಿಯ ಪತ್ರ ಮಾತ್ರ ಈಗ ಕಮಿಟಿಗೆ ಕಳಿಸಿದೆ.